ಮಳೆಗಾಲದ ಬೂದು ಬಾನು ತೆಗೆದು ಕೆಂಪು ಸಂಜೆ ಕೂರಿಸೋದು, ಜೊತೆಗೆ ಹೊಯ್ಗೆ-ದೋಣಿಯ ಬಣ್ಣ ಸರಿ ಮಾಡೋದು

ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ಬಂದ್, ಆ ಹೊತ್ತಲ್ಲಿ ಕಾರವಾರದ ಟ್ಯಾಗೋರ್ ಬೀಚಿನ ಕಡೆ ಹೋದ್ರೆ ಹೊಯ್ಗೆ ಮೇಲೆ ಎಳೆದಿಟ್ಟ ದೋಣಿಗಳು ನೀಲಿ ತಾಡಪಾಲು ಹೊದ್ದು ಕೂತಿರ್ತವೆ, ಪಕ್ಕದಲ್ಲಿ ಗಾಳಿಮರ, ಎದುರಿಗೆ ಸಮುದ್ರ, ದೂರದಲ್ಲಿ ಕೂರ್ಮಗಡ ದ್ವೀಪ. ಫ್ರೇಮ್ ಚಂದ, ಆದ್ರೆ ಬಾನು ಪೂರ್ತಿ ಬಿಳಚಿಕೊಂಡಿರ್ತದೆ, ಕೆಳಗಿನ ಹೊಯ್ಗೆ ದೋಣಿಗೆಲ್ಲ ಒಂಥರಾ ನೀಲಿ-ಹಸಿರು ಛಾಯೆ ಬಂದಿರ್ತದೆ. ಇಂಥ ಒಂದು ಫೋಟೋಗೆ ಸಂಜೆಯ ಬಾನು ಕೂರಿಸೋದು ಹೇಗೆ ಅಂತ ಪೂರ್ತಿ ಬರೀತೇನೆ. ನಾನು ಹೇಳೋದು ಫೋಟೋಶಾಪ್‌ನಲ್ಲಿ, ಕೈಯಲ್ಲೇ ಮಾಡೋ ಕ್ರಮ. ಚಾನೆಲ್, ಲೇಯರ್ ಮಾಸ್ಕ್, ಕರ್ವ್ಸ್, ಮಲ್ಟಿಪ್ಲೈ ಇವೆಲ್ಲ ಗಿಂಪ್‌ನಲ್ಲೂ ಇವೆ, ಮೆನು ಬೇರೆ ಕಡೆ ಇರ್ತದೆ ಅಷ್ಟೇ.

ಬಾನು ಬದಲಾಯಿಸಿದ ಫೋಟೋಗಳಲ್ಲಿ ಹತ್ತರಲ್ಲಿ ಎಂಟು ಸುಳ್ಳು ಅಂತ ಕಾಣೋದು ಕಟಿಂಗ್ ಸರಿ ಇಲ್ಲ ಅಂತಲ್ಲ, ಬೆಳಕು ಹೊಂದೋದಿಲ್ಲ ಅಂತ. ಮೇಲೆ ಬೆಂಕಿ ಹತ್ತಿದ ಹಾಗೆ ಬಾನು, ಕೆಳಗೆ ಮಧ್ಯಾಹ್ನದ ಬೆಳಕಿನ ದೋಣಿ. ಇಲ್ಲಾಂದ್ರೆ ಅದನ್ನ ಸರಿ ಮಾಡ್ತೇನೆ ಅಂತ ಹೋಗಿ ಇಡೀ ಫೋಟೋಗೆ ಅರಿಶಿಣ ಬಳಿದ ಹಾಗೆ ಮಾಡಿಡ್ತಾರೆ. ಹಾಗಾಗಿ ಟೂಲ್‌ಗಿಂತ ಮೊದಲು ಬೆಳಕಿನ ಬಗ್ಗೆ ಸ್ವಲ್ಪ ಮಾತಾಡ್ಬೇಕು.

ಯಾವ ಬಾನು ಆರಿಸ್ಬೇಕು

ಮೋಡ ಮುಚ್ಚಿದಾಗ ಬೆಳಕು ಇಡೀ ಬಾನಿಂದ ಬರ್ತದೆ, ಒಂದೇ ಕಡೆಯಿಂದ ಅಲ್ಲ. ಅದಕ್ಕೇ ನಿಮ್ಮ ಫೋಟೋದಲ್ಲಿ ದೋಣಿಗೆ ನೆರಳೇ ಇರೋದಿಲ್ಲ, ಅಡಿಯಲ್ಲಿ ಮಾತ್ರ ಒಂದು ಮಸುಕು ಕಪ್ಪು ಇರ್ತದೆ. ಈಗ ನೀವು ಸೂರ್ಯ ನೀರಿನ ಮೇಲೆ ಒಂದು ಗೇಣು ಎತ್ತರದಲ್ಲಿ ಧಗಧಗ ಉರಿಯೋ ಬಾನು ತಂದು ಕೂರಿಸಿದ್ರೆ, ಆ ಸೂರ್ಯನಿಗೆ ದೋಣಿಯ ನೆರಳು ನಮ್ಮ ಕಡೆಗೆ ಉದ್ದಕ್ಕೆ ಬೀಳ್ಬೇಕಿತ್ತು, ಅದು ಎಲ್ಲಿದೆ? ನೋಡೋರಿಗೆ ಕಾರಣ ಹೇಳೋಕೆ ಬರದಿದ್ರೂ ಏನೋ ಸರಿ ಇಲ್ಲ ಅಂತ ಗೊತ್ತಾಗ್ತದೆ. ನೆರಳನ್ನ ಬಿಡಿಸಿ ಹಾಕ್ಬಹುದು, ಆದ್ರೆ ಹೊಯ್ಗೆಯ ಏರುತಗ್ಗಿನ ಮೇಲೆ ನಂಬೋ ಹಾಗೆ ನೆರಳು ಬಿಡಿಸೋದು ತುಂಬಾ ಕಷ್ಟ, ಮಾಡಿದವರಿಗೇ ಗೊತ್ತು.

ಸುಲಭದ ದಾರಿ ಅಂದ್ರೆ ಸೂರ್ಯ ಕಂತಿದ ಮೇಲಿನ ಬಾನು ಆರಿಸೋದು. ಕಂತಿ ಹತ್ತು-ಹದಿನೈದು ನಿಮಿಷಕ್ಕೆ ಮೋಡದ ಹೊಟ್ಟೆಯೆಲ್ಲ ಕೆಂಪಾಗಿರ್ತದಲ್ಲ, ಆ ಹೊತ್ತಿನದು. ಆಗಲೂ ಬೆಳಕು ಬಾನಿಂದಲೇ ಬರೋದು, ನೆಲದ ಮೇಲೆ ಗಟ್ಟಿ ನೆರಳು ಬೀಳೋದಿಲ್ಲ, ಹಾಗಾಗಿ ಮಳೆಗಾಲದ ನೆರಳಿಲ್ಲದ ದೋಣಿಗೆ ಅದು ಸಹಜವಾಗಿ ಹೊಂದ್ತದೆ. ನಮ್ಮಲ್ಲಿ ಅಂಥ ಬಾನು ಅಕ್ಟೋಬರ್-ನವೆಂಬರ್‌ನಲ್ಲಿ, ಮಳೆ ಹೋಗ್ತಾ ಇನ್ನೂ ಮೋಡ ಉಳಿದಿರೋವಾಗ ಧಾರಾಳ ಸಿಗ್ತದೆ. ಆಗ ಬರೀ ಬಾನಿನ ಫೋಟೋ ತೆಗೆದಿಟ್ಕೊಳ್ಳಿ, ನೆಟ್ಟಿಂದ ಇಳಿಸಿದ್ದಕ್ಕಿಂತ ಅದು ಎಷ್ಟೋ ಮೇಲು, ಯಾಕಂದ್ರೆ ಅದೇ ತೀರ, ಅದೇ ಲೆನ್ಸು. ಲೆನ್ಸ್ ಒಂದೇ ಇರೋದು ಮುಖ್ಯ. ಮುಂಭಾಗ 24 ಎಂಎಂನಲ್ಲಿ ತೆಗೆದು ಬಾನು 100 ಎಂಎಂನಲ್ಲಿ ತೆಗೆದಿದ್ರೆ ಮೋಡಗಳು ದೈತ್ಯ ಗಾತ್ರದಲ್ಲಿ ಕಾಣ್ತವೆ, ದೂರ ಹೋಗ್ತಾ ಹೋಗ್ತಾ ಸಣ್ಣದಾಗೋ ಆ ಇಳಿಜಾರು ಸಿಗೋದೇ ಇಲ್ಲ.

ಇನ್ನೊಂದು ವಿಷಯ ನಮ್ಮೂರಿನವರಿಗೆ ಮಾತ್ರ ಕಣ್ಣಿಗೆ ಹೊಡೆಯುವಂಥದ್ದು. ಕಾರವಾರದಲ್ಲಿ ಜೂನ್ ಕೊನೆಗೆ ಸೂರ್ಯ ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ ಕಂತ್ತಾನೆ, ಡಿಸೆಂಬರ್‌ನಲ್ಲಿ ಹತ್ರತ್ರ ಅಷ್ಟೇ ದಕ್ಷಿಣಕ್ಕೆ. ಸಮುದ್ರಕ್ಕೆ ಮುಖ ಮಾಡಿ ನಿಂತ್ರೆ ಮಳೆಗಾಲದಲ್ಲಿ ಬಲಕ್ಕೆ, ಚಳಿಗಾಲದಲ್ಲಿ ಎಡಕ್ಕೆ. ಜುಲೈ ದೋಣಿಗೆ ನವೆಂಬರ್ ಬಾನು ಹಾಕುವಾಗ ಕೆಂಪು ಜಾಸ್ತಿ ಇರೋ ಭಾಗ ಎಡಕ್ಕೆ ಬಂದಿದ್ರೆ Edit > Transform > Flip Horizontal ಮಾಡಿ ಬಲಕ್ಕೆ ತಗೊಳ್ಳಿ. ಕೂರ್ಮಗಡ ಫ್ರೇಮಲ್ಲಿ ಇದ್ರಂತೂ ಇದನ್ನ ಮರೀಬೇಡಿ.

ಮೊದಲು ಮಾಸ್ಕ್

ಫೈಲನ್ನ 16 ಬಿಟ್‌ನಲ್ಲಿ ತೆರೆಯಿರಿ. ರಾ ಇದ್ರೆ ಕ್ಯಾಮೆರಾ ರಾದಿಂದ ಹಾಗೇ ಬರ್ಲಿ, ಜೆಪೆಗ್ ಆದ್ರೆ Image > Mode > 16 Bits/Channel. ಜೆಪೆಗ್‌ನಲ್ಲಿ ಇಲ್ಲದ ಮಾಹಿತಿ ಇದ್ರಿಂದ ಹುಟ್ಟೋದಿಲ್ಲ, ಆದ್ರೆ ಮುಂದೆ ಮಾಡೋ ಕರ್ವ್ಸ್‌ಗಳಿಂದ ಬಾನಲ್ಲಿ ಪಟ್ಟೆ ಪಟ್ಟೆ ಏಳೋದು ಕಮ್ಮಿ ಆಗ್ತದೆ.

ಬಣ್ಣ ಮುಟ್ಟೋ ಮೊದಲೇ ಮಾಸ್ಕ್ ಮಾಡ್ಕೊಳ್ಳಿ, ಯಾಕಂದ್ರೆ ಮಾಸ್ಕಿಗೆ ಬೇಕಾಗಿರೋದು ಮೂಲ ಫೋಟೋದ ಬ್ಲೂ ಚಾನೆಲ್. ಚಾನೆಲ್ಸ್ ಪ್ಯಾನೆಲ್ ತೆರೆದು ಮೂರನ್ನೂ ಒಂದೊಂದಾಗಿ ನೋಡಿದ್ರೆ ಬ್ಲೂನಲ್ಲಿ ಬಾನು ಅತ್ಯಂತ ಬೆಳ್ಳಗೆ, ಗಾಳಿಮರ ಮತ್ತೆ ಹೊಯ್ಗೆ ಅತ್ಯಂತ ಕಪ್ಪಗೆ ಕಾಣ್ತದೆ. ಅದನ್ನ ಎಳೆದು ಕೆಳಗಿನ ಹೊಸ ಚಾನೆಲ್ ಬಟನ್ ಮೇಲೆ ಬಿಟ್ರೆ ನಕಲು ಬರ್ತದೆ. ನಕಲಿನ ಮೇಲೆ ಲೆವೆಲ್ಸ್ ತೆಗೆದು ಎಡಗಡೆಯ ಕಪ್ಪು ಸ್ಲೈಡರನ್ನ 150ರ ಹತ್ರ, ಬಲಗಡೆಯ ಬಿಳಿಯನ್ನ 205ರ ಹತ್ರ ತಂದು ನೋಡಿ. ಈ ಸಂಖ್ಯೆ ನಿಮ್ಮ ಫೋಟೋಗೆ ತಕ್ಕ ಹಾಗೆ ಬದಲಾಗ್ತದೆ, ಬಾನು ಪೂರ್ತಿ ಬಿಳಿ ಆಗ್ಬೇಕು, ಮರ ಕಪ್ಪಾಗ್ಬೇಕು, ಆದ್ರೆ ಮರದ ತುದಿಯ ಸೂಜಿ ಎಲೆಗಳಲ್ಲಿ ಒಂದಿಷ್ಟು ಬೂದು ಉಳೀಬೇಕು. ಅದನ್ನೂ ಕಪ್ಪು-ಬಿಳಿ ಮಾಡಿಬಿಟ್ರೆ ಎಲೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಆಗ್ತದೆ.

ನಂತರ ದೋಣಿ, ಹೊಯ್ಗೆ, ಸಮುದ್ರದಲ್ಲಿ ಉಳಿದ ಬಿಳಿ ಚುಕ್ಕೆಗಳಿಗೆಲ್ಲ ಕಪ್ಪು ಬ್ರಷ್ ಹೊಡೀರಿ. ಮಳೆಗಾಲದಲ್ಲಿ ಸಮುದ್ರದ ಗೆರೆ ಮತ್ತೆ ಬಾನು ಒಂದಕ್ಕೊಂದು ಕರಗಿರ್ತವೆ, ಅಲ್ಲಿ ಚಾನೆಲ್ ಕೈ ಕೊಡ್ತದೆ. ಅಲ್ಲಿ ಆಯತ ಸೆಲೆಕ್ಷನ್ ಎಳೆದು, 2-3 ಪಿಕ್ಸೆಲ್ ಫೆದರ್ ಕೊಟ್ಟು, ಗೆರೆಯ ಕೆಳಗಿನದ್ದೆಲ್ಲ ಕಪ್ಪು ತುಂಬಿ. ಅದಕ್ಕೂ ಮೊದಲು ಗೆರೆ ಸೊಟ್ಟ ಇದ್ಯಾ ಅಂತ ನೋಡಿ ಫೋಟೋ ನೆಟ್ಟಗೆ ಮಾಡ್ಕೊಳ್ಳಿ. ದೋಣಿಯ ಬಿಳಿ ಬಣ್ಣದ ಕಂಬವೋ ಬಾವುಟದ ಕೋಲೋ ಬಾನಿಗೆ ಎದುರಾಗಿ ನಿಂತಿದ್ರೆ ಅದಕ್ಕೂ ಚಾನೆಲ್ ಉಪಯೋಗ ಇಲ್ಲ, ಪೆನ್ ಟೂಲಲ್ಲೇ ಬಿಡಿಸ್ಬೇಕು.

RGB ಚಾನೆಲ್ ಮೇಲೆ ಕ್ಲಿಕ್ ಮಾಡಿ ವಾಪಸ್ ಬನ್ನಿ, ಸೆಲೆಕ್ಷನ್ ಯಾವುದೂ ಇರ್ಬಾರ್ದು. ಬಾನಿನ ಫೋಟೋ ಮೇಲಿನ ಲೇಯರಾಗಿ ತಂದು, ಅದರ ಸಮುದ್ರದ ಗೆರೆಯನ್ನ ನಿಮ್ಮ ಗೆರೆಗೆ ಕೂರಿಸಿ. ಆಮೇಲೆ Ctrl ಒತ್ತಿಹಿಡಿದು ಆ ನಕಲು ಚಾನೆಲ್‌ನ ಸಣ್ಣ ಚಿತ್ರದ ಮೇಲೆ ಕ್ಲಿಕ್ ಮಾಡಿದ್ರೆ ಸೆಲೆಕ್ಷನ್ ಬರ್ತದೆ, ಅದು ಇದ್ದಾಗಲೇ ಲೇಯರ್ ಮಾಸ್ಕ್ ಬಟನ್ ಒತ್ತಿ. ಇಲ್ಲಿ ಸುಮಾರು ಜನ ಚಂದದ ಮೋಡ ಸಿಗ್ಲಿ ಅಂತ ಬಾನಿನ ಮೇಲಿನ ಅರ್ಧವನ್ನ ತಂದು ಗೆರೆಯ ಮೇಲೆ ಕೂರಿಸ್ತಾರೆ, ಹಾಗೆ ಮಾಡ್ಬೇಡಿ. ಸಂಜೆ ಬಾನು ಗೆರೆಯ ಹತ್ರ ಅತ್ಯಂತ ಬೆಳಕಾಗಿ ಹಳದಿ-ಕಿತ್ತಳೆ ಇದ್ದು ಮೇಲೆ ಹೋಗ್ತಾ ಕೆಂಪು, ನೇರಳೆ, ಆಮೇಲೆ ನೀಲಿ ಆಗ್ತದೆ. ಆ ಕೆಳಗಿನ ಬೆಳಕಿನ ಪಟ್ಟಿ ಕಾಣೆಯಾದ್ರೆ ಬಾನು ಪರದೆ ಇಳಿಬಿಟ್ಟ ಹಾಗೆ ಕಾಣ್ತದೆ.

ಗಾಳಿಮರದ ಸುತ್ತ ಬಿಳಿ ಅಂಚು

ಈಗ 100%ಗೆ ಜೂಮ್ ಮಾಡಿ ಮರ ನೋಡಿ. ಎಲೆಗಳ ಸುತ್ತ ತೆಳು ಬಿಳಿ ಅಂಚು ಇದ್ದೇ ಇರ್ತದೆ, ಯಾಕಂದ್ರೆ ಆ ಪಿಕ್ಸೆಲ್‌ಗಳಲ್ಲಿ ಅರ್ಧ ಎಲೆ, ಅರ್ಧ ಹಳೇ ಬಾನು ಬೆರೆತಿದೆ. ಮಾಸ್ಕನ್ನ ಎಷ್ಟು ತಿದ್ದಿದ್ರೂ ಇದು ಹೋಗೋದಿಲ್ಲ, ಒಳಗೆ ತಳ್ಳಿದ್ರೆ ಎಲೆಗಳೇ ಮಾಯ ಆಗ್ತವೆ.

ಇಲ್ಲಿ ಬೂದು ಬಾನು ನಮಗೆ ಒಳ್ಳೇದೇ ಮಾಡ್ತದೆ. ಮಲ್ಟಿಪ್ಲೈ ಮೋಡಲ್ಲಿ ಬಿಳಿ ಮೇಲೆ ಏನು ಹಾಕಿದ್ರೂ ಅದೇ ಬಣ್ಣ ಬರ್ತದೆ, ಕಪ್ಪಿನ ಮೇಲೆ ಏನು ಹಾಕಿದ್ರೂ ಕಪ್ಪೇ ಉಳೀತದೆ, ಅರ್ಧ ಬೆರೆತ ಪಿಕ್ಸೆಲ್‌ಗೆ ಅರ್ಧ ಬಣ್ಣ ತಾನಾಗೇ ಸಿಗ್ತದೆ. ಹಾಗಾಗಿ ಬಾನಿನ ಲೇಯರನ್ನ ಇನ್ನೊಂದು ನಕಲು ಮಾಡಿ. ಮೊದಲನೇದು ನಾರ್ಮಲ್ ಮೋಡಲ್ಲೇ ಇರ್ಲಿ, ಅದರ ಮಾಸ್ಕಿನಲ್ಲಿ ಮರದ ಜಾಗಕ್ಕೆ ಮೆತ್ತನೆ ಬ್ರಷ್‌ನಲ್ಲಿ ಕಪ್ಪು ಹೊಡೀರಿ. ಎರಡನೇದನ್ನ ಮಲ್ಟಿಪ್ಲೈ ಮಾಡಿ, ಅದರ ಮಾಸ್ಕನ್ನ ಪೂರ್ತಿ ಕಪ್ಪು ಮಾಡಿ, ಮರ ಮತ್ತೆ ಅದರ ಸುತ್ತಮುತ್ತ ಮಾತ್ರ ಬಿಳಿ ಹೊಡೀರಿ. ಅಂಚು ಎಲೆ ಎಲೆಗೂ ಬಿಡಿಸೋ ಅಗತ್ಯವೇ ಇಲ್ಲ, ಅಂದಾಜಿಗೆ ಹೊಡೆದ್ರೆ ಸಾಕು.

ಒಂದು ತೊಡಕು ಬರ್ತದೆ, ಮರದ ಸುತ್ತ ಬಾನು ಸ್ವಲ್ಪ ಕೊಳಕಾಗಿ ಕಪ್ಪಾಗಿ ಕಾಣ್ತದೆ. ನಿಮ್ಮ ಹಳೇ ಬಾನು 255 ಅಲ್ಲ, 220ರ ಹತ್ರ ಇತ್ತು ಅಂತ ಅದರ ಅರ್ಥ. ಮಲ್ಟಿಪ್ಲೈ ಲೇಯರಿನ ಕೆಳಗೆ ಒಂದು ಲೆವೆಲ್ಸ್ ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ, ಅದೇ ಮಾಸ್ಕನ್ನ Alt ಒತ್ತಿ ಎಳೆದು ಅದಕ್ಕೂ ಕೊಡಿ, ಬಿಳಿ ಸ್ಲೈಡರನ್ನ ಹಳೇ ಬಾನು ಬಿಳಿ ಆಗೋ ತನಕ ತನ್ನಿ. ಅದಕ್ಕಿಂತ ಮುಂದೆ ಹೋದ್ರೆ ಎಲೆಗಳು ಸಣಕಲಾಗ್ತವೆ, ಅಲ್ಲೇ ನಿಲ್ಲಿಸಿ. ದೋಣಿಯ ಹಗ್ಗ, ಕರೆಂಟ್ ತಂತಿಗೂ ಇದೇ ಉಪಾಯ ಆಗ್ತದೆ.

ಹೊಯ್ಗೆ, ದೋಣಿಯ ಛಾಯೆ ತೆಗೆಯೋದು

ಇದೇ ಮುಖ್ಯ ಭಾಗ. ಮೋಡದ ಬೆಳಕು ನೀಲಿ ಕಡೆಗೆ ವಾಲಿರ್ತದೆ, ಜೊತೆಗೆ ಗಾಳಿಮರದ ಸಾಲಿಂದ ಹಸಿರು ಬಂದು ಸೇರ್ತದೆ, ತಾಡಪಾಲಿನ ನೀಲಿ ಹತ್ತಿರದ ಹೊಯ್ಗೆ ಮೇಲೆ ಬೀಳ್ತದೆ. ಕಣ್ಣು ಇದಕ್ಕೆ ಒಗ್ಗಿಹೋಗಿರ್ತದೆ, ಹಾಗಾಗಿ ಅಳೆದೇ ನೋಡ್ಬೇಕು. ಕಲರ್ ಸ್ಯಾಂಪ್ಲರ್ ಟೂಲ್ ತಗೊಂಡು, ಮೇಲೆ ಸ್ಯಾಂಪಲ್ ಸೈಜ್ 5 by 5 Average ಮಾಡಿ, ನಿಜಜೀವನದಲ್ಲಿ ಬಣ್ಣ ಇಲ್ಲದ ಎರಡು ಜಾಗಕ್ಕೆ ಗುರುತು ಹಾಕಿ: ಒಂದು ಬೆಳಕಿನದು, ಒಂದು ಕತ್ತಲಿನದು. ದೋಣಿಯ ಬದಿಯ ಬಿಳಿ ಪಟ್ಟೆ ಅಥವಾ ಮೀನಿನ ಥರ್ಮಾಕೋಲ್ ಡಬ್ಬಿ ಬೆಳಕಿಗೆ ಆಗ್ತದೆ, ಕತ್ತಲಿಗೆ ಕಪ್ಪು ಬಳಿದ ಅಡಿಭಾಗ. ಅಲೆಯ ನೊರೆ ಬೆಳ್ಳಗಿದೆ ಅಂತ ಅದನ್ನ ಆರಿಸ್ಬೇಡಿ ಮಾರಾಯ್ರೆ, ಮಳೆಗಾಲದಲ್ಲಿ ಕಾಳಿ ನದಿ ಕೆಮ್ಮಣ್ಣು ತಂದು ಸಮುದ್ರಕ್ಕೆ ಸುರೀತದೆ, ನೊರೆ ಆಗ ನಿಜವಾಗ್ಲೂ ಹಳದಿ ಮಿಶ್ರಿತ. ಅದನ್ನ ಬಿಳಿ ಅಂತ ತೋರಿಸಿದ್ರೆ ಇಡೀ ಫೋಟೋ ಇನ್ನೂ ನೀಲಿಗೆ ತಿರುಗ್ತದೆ.

ಇನ್ಫೋ ಪ್ಯಾನೆಲಲ್ಲಿ ಬಿಳಿ ಪಟ್ಟೆ ಕೆಂಪು 171, ಹಸಿರು 182, ನೀಲಿ 186 ತೋರಿಸ್ತು ಅಂತ ಇಟ್ಕೊಳ್ಳಿ, ಕಪ್ಪು ಜಾಗ 30, 36, 41. ಸಾಮಾನ್ಯವಾಗಿ ಮೂರನ್ನೂ ಒಂದೇ ಮಾಡಿ ಅಂತ ಹೇಳ್ತಾರೆ, ಹಗಲಿನ ಫೋಟೋಗೆ ಅದು ಸರಿ. ಇಲ್ಲಿ ಸ್ವಲ್ಪ ಯೋಚ್ನೆ ಮಾಡಿ. ನಾವು ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದೇವೆ, ನಮಗೆ ಕಾಣೋ ದೋಣಿಯ ಬದಿ ಪೂರ್ವಕ್ಕೆ, ಅಂದ್ರೆ ನಮ್ಮ ಕಡೆಗೆ ಮುಖ ಮಾಡಿದೆ. ಸಂಜೆ ಆ ಬದಿಗೆ ಕೆಂಪು ಬೆಳಕು ತಾಗೋದಿಲ್ಲ, ನಮ್ಮ ಬೆನ್ನ ಹಿಂದಿನ ಪೂರ್ವದ ಬಾನಿನ ತಣ್ಣನೆ ನೀಲಿಯೇ ತಾಗೋದು. ಹಾಗಾಗಿ ನೀಲಿ ಸ್ವಲ್ಪ ಉಳೀಬೇಕು, ಹಸಿರು ಮಾತ್ರ ಪೂರ್ತಿ ಹೋಗ್ಬೇಕು. ನನ್ನ ಲೆಕ್ಕ ಏನಂದ್ರೆ ಹಸಿರಿನ ಸಂಖ್ಯೆ ಕೆಂಪು ಮತ್ತೆ ನೀಲಿಯ ನಡುವೆ ಬರ್ಬೇಕು, ನೀಲಿ ಕೆಂಪಿಗಿಂತ ಎಂಟ್ಹತ್ತು ಜಾಸ್ತಿ ಇದ್ರೆ ಸಾಕು. ಅಂದ್ರೆ 171, 176, 180ರ ಹತ್ರ.

ಬಾನಿನ ಲೇಯರ್‌ಗಳ ಕೆಳಗೆ, ಮೂಲ ಫೋಟೋದ ಮೇಲೆ ಕರ್ವ್ಸ್ ಲೇಯರ್ ಹಾಕಿ. ಗ್ರೀನ್ ಆರಿಸಿ ಒಂದು ಚುಕ್ಕೆ ಇಟ್ಟು ಇನ್‌ಪುಟ್ 182, ಔಟ್‌ಪುಟ್ 176 ಕೊಡಿ, ಕೆಳಗೆ ಇನ್ನೊಂದು ಚುಕ್ಕೆ 36ಕ್ಕೆ 33. ಬ್ಲೂನಲ್ಲಿ 186ಕ್ಕೆ 180, 41ಕ್ಕೆ 37. ಎರಡೆರಡು ಚುಕ್ಕೆ ಯಾಕಂದ್ರೆ ಛಾಯೆ ಬೆಳಕಿನಲ್ಲೂ ಕತ್ತಲಲ್ಲೂ ಒಂದೇ ಪ್ರಮಾಣದಲ್ಲಿ ಇರೋದಿಲ್ಲ, ಮೇಲಿಂದು ಸರಿ ಮಾಡಿದ್ರೆ ಕೆಳಗಿಂದು ಹಾಗೇ ಉಳೀತದೆ. ಒಣ ಹೊಯ್ಗೆ ಮೇಲೂ ಒಮ್ಮೆ ಕರ್ಸರ್ ಇಟ್ಟು ನೋಡಿ, ಅಲ್ಲಿ ಕೆಂಪು ಜಾಸ್ತಿ, ಹಸಿರು ನಡುವೆ, ನೀಲಿ ಕಮ್ಮಿ ಬರ್ಬೇಕು. ಹಸಿರು ಎಲ್ಲಕ್ಕಿಂತ ಮೇಲೆ ಇದ್ರೆ ಇನ್ನೂ ಕೆಲಸ ಬಾಕಿ ಇದೆ. ತಾಡಪಾಲಿನ ಹತ್ರದ ಹೊಯ್ಗೆ ಮಾತ್ರ ನೀಲಿ ಉಳಿದಿದ್ರೆ ಆ ಜಾಗಕ್ಕಷ್ಟೇ ಇನ್ನೊಂದು ಸಣ್ಣ ಕರ್ವ್ಸ್ ಹಾಕಿ, ಮಾಸ್ಕ್ ಕಪ್ಪು ಮಾಡಿ, ಬೇಕಾದಲ್ಲಿ ಬಿಳಿ ಹೊಡೀರಿ.

ಸಂಜೆಯ ಕತ್ತಲು, ಆಮೇಲೆ ಕೆಂಪು

ಬಣ್ಣಕ್ಕಿಂತ ಮೊದಲು ಬೆಳಕು ಇಳಿಸಿ. ಇನ್ನೊಂದು ಕರ್ವ್ಸ್ ಲೇಯರ್, ನಡುವಿನ ಚುಕ್ಕೆ 128ನ್ನ 85-90ರ ಹತ್ರ ಇಳಿಸಿ, ಬ್ಲೆಂಡಿಂಗ್ ಮೋಡ್ ಲ್ಯುಮಿನಾಸಿಟಿ ಮಾಡಿ. ನಾರ್ಮಲಲ್ಲೇ ಬಿಟ್ರೆ ಕಪ್ಪಾಗೋ ಜೊತೆಗೆ ಬಣ್ಣವೂ ಗಾಢ ಆಗಿ ತಾಡಪಾಲು ಕಿರುಚೋಕೆ ಶುರು ಮಾಡ್ತದೆ. ಎಷ್ಟು ಇಳಿಸ್ಬೇಕು ಅಂತ ಗೊತ್ತಾಗೋಕೆ ಎಲ್ಲಕ್ಕಿಂತ ಮೇಲೆ ಒಂದು ಬ್ಲ್ಯಾಕ್ ಅಂಡ್ ವೈಟ್ ಲೇಯರ್ ಹಾಕಿ ನೋಡಿ. ಬಣ್ಣ ಹೋದಾಗ ಸತ್ಯ ಕಾಣ್ತದೆ: ಒಣ ಹೊಯ್ಗೆ ಗೆರೆಯ ಹತ್ರದ ಬಾನಿಗಿಂತ ಬೆಳ್ಳಗಿದ್ರೆ ಇನ್ನೂ ಇಳಿಸ್ಬೇಕು, ದೋಣಿ ಪೂರ್ತಿ ಕಪ್ಪು ಮುದ್ದೆ ಆದ್ರೆ ಜಾಸ್ತಿ ಆಯ್ತು. ಕೂರ್ಮಗಡವನ್ನೂ ಮರೀಬೇಡಿ, ಮಳೆಯ ಮಂಜಲ್ಲಿ ಅದು ಬಿಳಚಿಕೊಂಡಿರ್ತದೆ, ಕೆಂಪು ಬಾನಿನ ಮುಂದೆ ಹಾಗೆ ಬಿಟ್ರೆ ಅಂಟಿಸಿದ ಹಾಗೆ ಕಾಣ್ತದೆ. ಅದನ್ನ ಬೇರೆಯಾಗಿ ಕಪ್ಪು ಮಾಡಿ ಸ್ವಲ್ಪ ನೇರಳೆ ಕೊಡಿ.

ಈಗ ಕೆಂಪು. ಹೊಸ ಕರ್ವ್ಸ್, ರೆಡ್‌ನಲ್ಲಿ 128ಕ್ಕೆ 140, ಬ್ಲೂನಲ್ಲಿ 128ಕ್ಕೆ 112, ಮಾಸ್ಕ್ ಮೇಲೆ Ctrl+I ಒತ್ತಿ ಕಪ್ಪು ಮಾಡಿ. ಮೆತ್ತನೆ ಬ್ರಷ್, ಫ್ಲೋ 15%, ಬಿಳಿ ಬಣ್ಣ. ಎಲ್ಲಿ ಹೊಡೀಬೇಕು? ಬಾನನ್ನ ನೋಡ್ತಾ ಇರೋ ಜಾಗಗಳಿಗೆ ಮಾತ್ರ: ದೋಣಿಯ ಮೇಲಂಚು, ತಾಡಪಾಲಿನ ನೆತ್ತಿ, ಸಮುದ್ರದ ಕಡೆಗೆ ಇಳಿಜಾರಾದ ಹೊಯ್ಗೆ, ಮರದ ಬುಡದ ಪಶ್ಚಿಮದ ಅಂಚು. ನಮ್ಮ ಕಡೆಗೆ ಮುಖ ಮಾಡಿದ ದೋಣಿಯ ಬದಿಗೆ ಹೊಡೀಲೇಬೇಡಿ. ಇಷ್ಟು ಮಾಡಿಯೂ ನೆರಳಿಗೆಲ್ಲ ಕೆಂಪು ಹರಡಿದ್ರೆ ಲೇಯರ್ ಹೆಸರಿನ ಪಕ್ಕದ ಖಾಲಿ ಜಾಗದ ಮೇಲೆ ಎರಡು ಸಲ ಕ್ಲಿಕ್ ಮಾಡಿ Blend Ifನಲ್ಲಿ Underlying Layerನ ಕಪ್ಪು ಸ್ಲೈಡರನ್ನ Alt ಒತ್ತಿ ಸೀಳಿ, ಅರ್ಧ 40ಕ್ಕೆ, ಅರ್ಧ 80ಕ್ಕೆ ಇಡಿ. ಕತ್ತಲ ಜಾಗ ತಣ್ಣಗೇ ಉಳೀತದೆ, ಬೆಳಕಿನ ಜಾಗ ಮಾತ್ರ ಬೆಚ್ಚಗಾಗ್ತದೆ.

ಸಮುದ್ರ ಬಾನನ್ನ ತೋರಿಸ್ಬೇಕು

ಬಾನಿನ ಲೇಯರ್ ಇನ್ನೊಂದು ನಕಲು ಮಾಡಿ, ಮಾಸ್ಕ್ ತೆಗೆದು, Edit > Transform > Flip Vertical. ಗೆರೆಗೆ ಗೆರೆ ಕೂರಿಸಿ ಕೆಳಗೆ ಇಳಿಸಿ. ಫಿಲ್ಟರಲ್ಲಿ ಮೋಷನ್ ಬ್ಲರ್, ಆ್ಯಂಗಲ್ 90, ದೂರ 100 ಪಿಕ್ಸೆಲ್ ಆಸುಪಾಸು, ಯಾಕಂದ್ರೆ ಅಲೆ ಇರೋ ನೀರಲ್ಲಿ ಪ್ರತಿಬಿಂಬ ಮೇಲೆ-ಕೆಳಗೆ ಎಳೆದು ಹರಡಿಕೊಳ್ತದೆ. ಮೋಡ್ ಸಾಫ್ಟ್ ಲೈಟ್, ಒಪಾಸಿಟಿ 40%ರಿಂದ ಶುರು ಮಾಡಿ. ಮಾಸ್ಕಲ್ಲಿ ಸಮುದ್ರ ಮತ್ತೆ ಒದ್ದೆ ಹೊಯ್ಗೆಗೆ ಮಾತ್ರ ಬಿಡಿ, ಒಣ ಹೊಯ್ಗೆಗೆ ಬೇಡ. ತಿರುಗಿಸಿದ್ದರಿಂದ ದೂರದ ನೀರಿಗೆ ಗೆರೆಯ ಕಿತ್ತಳೆ, ನಮ್ಮ ಕಾಲ ಬಳಿಯ ಒದ್ದೆ ಹೊಯ್ಗೆಗೆ ಮೇಲಿನ ನೇರಳೆ-ನೀಲಿ ಬರ್ತದೆ, ನಿಜವಾದ ತೀರದಲ್ಲೂ ಹಾಗೇ ಇರೋದು. ನೀರು ಬಾನಿಗಿಂತ ಒಂದು ಮಟ್ಟ ಕಪ್ಪಾಗೇ ಇರ್ಲಿ. ಕೆಮ್ಮಣ್ಣಿನ ನೀರಿನ ಕಂದು ಪೂರ್ತಿ ಹೋಗೋದಿಲ್ಲ, ಹೋಗೋದೂ ಬೇಡ, ಕಿತ್ತಳೆಯ ಜೊತೆ ಅದು ಹೊಂದ್ತದೆ.

ಕೊನೆಯ ತಪಾಸಣೆ

ಬ್ಲ್ಯಾಕ್ ಅಂಡ್ ವೈಟ್ ಲೇಯರ್ ಆಫ್ ಮಾಡಿ, ಅದರ ಜಾಗದಲ್ಲಿ ಹ್ಯೂ/ಸ್ಯಾಚುರೇಷನ್ ಹಾಕಿ ಸ್ಯಾಚುರೇಷನ್ +60 ಮಾಡಿ ನೋಡಿ. ಮರೆತುಬಿಟ್ಟ ಹಸಿರು, ಮರದ ಸುತ್ತ ಉಳಿದ ನೀಲಿ ಅಂಚು, ಕೆಂಪು ಜಾಸ್ತಿ ಹೊಡೆದ ಜಾಗ ಎಲ್ಲ ಒಮ್ಮೆಲೇ ಎದ್ದು ಕಾಣ್ತದೆ, ಸರಿ ಮಾಡಿ ಆ ಲೇಯರ್ ಡಿಲೀಟ್ ಮಾಡಿ. ಆಮೇಲೆ 100%ರಲ್ಲಿ ಬಾನಿನ ಕಾಳು, ಅಂದ್ರೆ ನಾಯ್ಸ್, ಮತ್ತೆ ದೋಣಿಯ ಕಾಳು ಹೋಲಿಸಿ. ಮಳೆ ಬೆಳಕಲ್ಲಿ ಐಎಸ್ಒ ಏರಿಸಿ ತೆಗೆದ ಮುಂಭಾಗ ಒರಟಾಗಿರ್ತದೆ, ಟ್ರೈಪಾಡಲ್ಲಿ ತೆಗೆದ ಬಾನು ನುಣ್ಣಗಿರ್ತದೆ. ಬಾನಿನ ಲೇಯರಿಗೆ Filter > Noise > Add Noise, ಗಾಸಿಯನ್, ಮಾನೋಕ್ರೊಮ್ಯಾಟಿಕ್, 1ರಿಂದ 2% ಕೊಟ್ರೆ ಎರಡೂ ಒಂದೇ ಕ್ಯಾಮೆರಾದಿಂದ ಬಂದ ಹಾಗೆ ಕಾಣ್ತವೆ, ಬಾನಲ್ಲಿ ಪಟ್ಟೆ ಏಳೋದನ್ನೂ ಆ ಕಾಳೇ ತಡೀತದೆ.

ಪಿಎಸ್‌ಡಿ 16 ಬಿಟ್‌ನಲ್ಲೇ ಇಟ್ಕೊಂಡು, ನೆಟ್ಟಿಗೆ ಹಾಕೋದಕ್ಕೆ ಎಸ್‌ಆರ್‌ಜಿಬಿ ಜೆಪೆಗ್ ಬೇರೆ ತೆಗೀರಿ. ಹಾಕುವಾಗ ಬಾನು ಬೇರೆ ದಿನದ್ದು ಅಂತ ಒಂದು ಸಾಲು ಬರೀರಿ, ಪೇಪರಿಗೆ ಸುದ್ದಿ ಫೋಟೋ ಅಂತ ಕೊಡೋದಂತೂ ಬೇಡ, ಮಳೆ ಬೀಳ್ತಿದ್ದ ದಿನ ತೀರದಲ್ಲಿ ಕೆಂಪು ಸಂಜೆ ಇತ್ತು ಅಂತ ದಾಖಲೆ ಆಗ್ಬಾರ್ದು. ಜೆಪೆಗನ್ನ ಫೋನಲ್ಲಿ ಬ್ರೈಟ್‌ನೆಸ್ ಪೂರ್ತಿ ಏರಿಸಿ ಒಮ್ಮೆ, ಅರ್ಧ ಇಳಿಸಿ ಒಮ್ಮೆ ನೋಡಿ. ಅರ್ಧದಲ್ಲಿ ದೋಣಿಯ ಬದಿಯ ಹಲಗೆಗಳ ಗೆರೆ ಕಾಣದಿದ್ರೆ ಲ್ಯುಮಿನಾಸಿಟಿ ಕರ್ವ್ಸನ್ನ 85ರಿಂದ 95ರ ಹತ್ರ ಎತ್ತಿ ಮತ್ತೆ ಜೆಪೆಗ್ ತೆಗೀರಿ.